ಮಾರ್ಟರ್, ಹೊವಿಟ್ಜರ್, ರಾಕೆಟ್: ಒದೆತ ಹೋಗುವ ದಾರಿ

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ದ್ರಾಸ್ ಎಂಬ ಊರನ್ನು ಹಾದುಹೋಗುತ್ತದೆ. ಊರೇ ಹತ್ತು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿದೆ. ಅದರ ನೆತ್ತಿಯ ಮೇಲೆ ತೋಲೋಲಿಂಗ್, ಇನ್ನಷ್ಟು ಒಳಗೆ ಟೈಗರ್ ಹಿಲ್ ಇವೆ. 1999ರ ಬೇಸಿಗೆಯಲ್ಲಿ ಆ ಶಿಖರಗಳ ಮೇಲೆ ಪಾಕಿಸ್ತಾನದ ಸೈನಿಕರು ಕಲ್ಲು ಪೇರಿಸಿ ಕಟ್ಟಿದ ಗೂಡುಗಳಲ್ಲಿ ಕೂತಿದ್ದರು. ಕೆಳಗಿನ ಹೆದ್ದಾರಿಯಲ್ಲಿ ಹೋಗುವ ಒಂದೊಂದು ಲಾರಿಯೂ ಅವರ ಕಣ್ಣಿಗೆ ಬೀಳುತ್ತಿತ್ತು. ಹುಲ್ಲು, ಮರ ಯಾವುದರ ಮರೆಯೂ ಇಲ್ಲದ ಬೋಳು ಇಳಿಜಾರಿನಲ್ಲಿ ಭಾರತದ ಕಾಲಾಳುಗಳು ಮೇಲಕ್ಕೆ ಹತ್ತಬೇಕಿತ್ತು.

ಹತ್ತುವವರಿಗೆ ಆಸರೆಯಾಗಿ ಕೆಳಗಿನಿಂದ ಹಾರಿದ ಮದ್ದುಗುಂಡಿನ ಲೆಕ್ಕ ದೊಡ್ಡದು. ಸೇನೆಯ ಅಂಕಿಅಂಶದಂತೆ ಕಾರ್ಗಿಲ್ ಯುದ್ಧದಲ್ಲಿ ಭಾರತದ ತೋಪುಪಡೆ ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ಬಾಂಬ್ ಮತ್ತು ರಾಕೆಟ್ ಹಾರಿಸಿತು. ಈ ಮೂರು ಹೆಸರುಗಳನ್ನು ನಾವು ಸುದ್ದಿಯಲ್ಲಿ ಒಂದೇ ಉಸಿರಿನಲ್ಲಿ ಓದಿಬಿಡುತ್ತೇವೆ. ಆದರೆ ಶೆಲ್ ಹಾರಿದ್ದು ಹೊವಿಟ್ಜರಿನಿಂದ, ಬಾಂಬ್ ಹಾರಿದ್ದು ಮಾರ್ಟರಿನಿಂದ, ರಾಕೆಟ್ ಹಾರಿದ್ದು ಲಾರಿಯ ಮೇಲಿನ ಕೊಳವೆಗಳಿಂದ. ಕಣ್ಣಿಗೆ ಕಾಣದ ಗುರಿಯ ಮೇಲೆ ದೂರದಿಂದ ಸ್ಫೋಟಕ ಬೀಳಿಸುವುದೇ ಮೂರರ ಕೆಲಸವೂ ಹೌದು. ಹಾಗಿದ್ದ ಮೇಲೆ ಒಂದೇ ಸಾಲದೇ? ಸಾಲುವುದಿಲ್ಲ. ಅದಕ್ಕೆ ಕಾರಣ ತಿಳಿಯಲು ಹಾರುವ ಗುಂಡಿಗಿಂತ ಮೊದಲು ಅದರ ಹಿಂದೊದೆತವನ್ನು ನೋಡಬೇಕು.

ಯಾವುದೇ ವಸ್ತುವನ್ನು ಮುಂದಕ್ಕೆ ರಭಸದಿಂದ ತಳ್ಳಿದರೆ ಅಷ್ಟೇ ಬಲ ಹಿಂದಕ್ಕೂ ಬೀಳುತ್ತದೆ. ಬಂದೂಕು ಹಾರಿಸಿದವರ ಭುಜಕ್ಕೆ ಇದು ಗೊತ್ತು. ನಲವತ್ತು ಕಿಲೋ ತೂಕದ ಶೆಲ್ಲನ್ನು ಇಪ್ಪತ್ತು ಕಿಲೋಮೀಟರ್ ಆಚೆಗೆ ಎಸೆಯುವಾಗ ಆ ಒದೆತವನ್ನು ಯಾರು ತಡೆದುಕೊಳ್ಳಬೇಕು? ಮಾರ್ಟರ್ ಅದನ್ನು ನೆಲಕ್ಕೆ ಕೊಡುತ್ತದೆ. ಹೊವಿಟ್ಜರ್ ತನ್ನ ಮೈಯಲ್ಲೇ ನುಂಗಿಕೊಳ್ಳುತ್ತದೆ. ರಾಕೆಟ್ ಬೆಂಕಿಯಾಗಿ ಗಾಳಿಗೆ ಬಿಟ್ಟುಬಿಡುತ್ತದೆ. ಆಯುಧದ ತೂಕ, ಗುಂಡು ಹೋಗುವ ದೂರ, ಅದರ ಪಥ, ಗುರಿಯ ನಿಖರತೆ, ಯಾರ ಕೈಯಲ್ಲಿ ಅದು ಇರಬೇಕು ಎಂಬುದು, ಬಹುಮಟ್ಟಿಗೆ ಎಲ್ಲವೂ ಈ ಒಂದು ಆಯ್ಕೆಯಿಂದ ಹುಟ್ಟಿದವು.

ಮಾರ್ಟರ್ ನೋಡಲು ಬಲು ಸರಳ. ಒಳಮೈ ನುಣುಪಾದ ಒಂದು ಕೊಳವೆ, ಅದನ್ನು ಎತ್ತಿ ಹಿಡಿಯುವ ಎರಡು ಕಾಲು, ಬುಡಕ್ಕೊಂದು ದಪ್ಪ ಲೋಹದ ತಟ್ಟೆ. ಇಂದಿನ ರೂಪಕ್ಕೆ ಮೂಲವಾದದ್ದು ಬ್ರಿಟನ್ನಿನ ಎಂಜಿನಿಯರ್ ವಿಲ್ಫ್ರೆಡ್ ಸ್ಟೋಕ್ಸ್ ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ ರೂಪಿಸಿದ ಮಾರ್ಟರ್. ಎದುರಾಳಿ ಕಂದಕದಲ್ಲಿ ಇಳಿದು ಕೂತಿದ್ದಾನೆ, ನೇರ ಹೊಡೆದ ಗುಂಡೆಲ್ಲ ಅವನ ತಲೆಯ ಮೇಲಿನಿಂದ ಹಾದುಹೋಗುತ್ತದೆ, ಅವನ ನೆತ್ತಿಯ ಮೇಲೇ ಏನಾದರೂ ಬೀಳಿಸಬೇಕು ಎಂಬ ಅಗತ್ಯ ಅದನ್ನು ಹುಟ್ಟಿಸಿತು.

ಬಾಂಬನ್ನು ಕೊಳವೆಯ ಬಾಯಿಯಿಂದ ಒಳಕ್ಕೆ ಜಾರಿಬಿಡುತ್ತಾರೆ. ಅದು ಬುಡದ ಮೊಳೆಗೆ ತಾಗಿದೊಡನೆ ಬಾಲದಲ್ಲಿರುವ ಮದ್ದು ಹೊತ್ತಿ, ಬಂದ ದಾರಿಯಲ್ಲೇ ಮೇಲಕ್ಕೆ ಚಿಮ್ಮುತ್ತದೆ. ಒದೆತ ಬುಡದ ತಟ್ಟೆಯ ಮೂಲಕ ನೇರ ಭೂಮಿಗೆ ಇಳಿಯುತ್ತದೆ. ಭೂಮಿಯೇ ಹೊರುವುದರಿಂದ ಆಯುಧ ಹಗುರವಾಗಿರಬಹುದು. ಭಾರತದ ಕಾಲಾಳು ಬೆಟಾಲಿಯನ್ನಿನಲ್ಲಿರುವ 81 ಮಿಲಿಮೀಟರ್ ಮಾರ್ಟರನ್ನು ಕೊಳವೆ, ಕಾಲು, ತಟ್ಟೆ ಎಂದು ಮೂರು ಭಾಗ ಮಾಡಿ ಸೈನಿಕರು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುತ್ತಾರೆ. ಅದರ ಬಾಂಬು ನಾಲ್ಕು ಕಿಲೋ ಆಸುಪಾಸು, ಹೋಗುವ ದೂರ ಸುಮಾರು ಐದು ಕಿಲೋಮೀಟರ್.

ಆದರೆ ಒದೆತ ಭೂಮಿಗೆ ಇಳಿಯಬೇಕಾದರೆ ಕೊಳವೆ ಬಹುತೇಕ ನೆಟ್ಟಗೆ ನಿಂತಿರಬೇಕು. ಓರೆ ಹೆಚ್ಚಾದಷ್ಟೂ ತಟ್ಟೆ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಮಾರ್ಟರ್ ಸದಾ 45 ಡಿಗ್ರಿಗಿಂತ ಮೇಲಿನ ಕೋನದಲ್ಲೇ ಹೊಡೆಯುತ್ತದೆ. ಮಿತಿಯಂತೆ ಕಾಣುವ ಇದರಲ್ಲೇ ಅದರ ದೊಡ್ಡ ಉಪಯೋಗ ಅಡಗಿದೆ. ಒಂದು ಲೆಕ್ಕ ಮಾಡಿ ನೋಡಬಹುದು. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆತು, ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಒಂದು ಗುಂಡನ್ನು ಹಾರಿಸಿದ್ದೇವೆ ಎಂದುಕೊಳ್ಳೋಣ. 45 ಡಿಗ್ರಿಯಲ್ಲಿ ಅದು ಅತಿ ದೂರ, ಅಂದರೆ ಸುಮಾರು ನಾಲ್ಕು ಕಿಲೋಮೀಟರ್ ಹೋಗುತ್ತದೆ. ಗುರಿ ಎರಡೇ ಕಿಲೋಮೀಟರ್ ದೂರದಲ್ಲಿದ್ದರೆ ಅಲ್ಲಿಗೆ ಮುಟ್ಟಲು ಎರಡು ದಾರಿಗಳಿವೆ: 15 ಡಿಗ್ರಿ ಕೋನ ಒಂದು, 75 ಡಿಗ್ರಿ ಕೋನ ಇನ್ನೊಂದು. ಮೊದಲ ದಾರಿಯಲ್ಲಿ ಗುಂಡು ಬರೀ 137 ಮೀಟರ್ ಮೇಲೇರಿ ಹತ್ತೂವರೆ ಸೆಕೆಂಡಿನಲ್ಲಿ ಮುಟ್ಟುತ್ತದೆ. ಎರಡನೆಯದರಲ್ಲಿ 1,900 ಮೀಟರ್ ಎತ್ತರಕ್ಕೆ ಹೋಗಿ, 39 ಸೆಕೆಂಡ್ ಆಕಾಶದಲ್ಲಿದ್ದು, ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತದೆ. ಬಿದ್ದ ಜಾಗ ಅದೇ, ಬಂದ ಬಗೆ ಬೇರೆ.

ಬೆಟ್ಟದ ಯುದ್ಧದಲ್ಲಿ ಈ ವ್ಯತ್ಯಾಸ ಪ್ರಾಣ ಉಳಿಸುವಂಥದ್ದು. ಏಣಿನ ಆಚೆ ಮಗ್ಗುಲಿನಲ್ಲಿ, ಇಳಿಜಾರಿನ ಮರೆಯಲ್ಲಿ ಎದುರಾಳಿಯ ಡೇರೆ, ಮದ್ದುಗುಂಡಿನ ರಾಶಿ, ಅವನದೇ ಮಾರ್ಟರುಗಳು ಇರುತ್ತವೆ. ತಗ್ಗು ಪಥದ ಶೆಲ್ ಒಂದೋ ಈಚೆಯ ಬಂಡೆಗೆ ಬಡಿಯುತ್ತದೆ, ಇಲ್ಲವೇ ಏಣನ್ನು ದಾಟಿ ಕಣಿವೆಗೆ ಹಾರಿಹೋಗುತ್ತದೆ. ನೆಟ್ಟಗೆ ಇಳಿಯುವ ಬಾಂಬಿಗೆ ಆ ಮರೆ ಮರೆಯೇ ಅಲ್ಲ. ಚೂರುಗಳು ಹರಡುವ ರೀತಿಯೂ ಬೇರೆ. ಓರೆಯಾಗಿ ಬಂದ ಶೆಲ್ ಸಿಡಿದಾಗ ಅದರ ಚೂರುಗಳಲ್ಲಿ ಬಹುಪಾಲು ನೆಲಕ್ಕೋ ಆಕಾಶಕ್ಕೋ ಹೋಗಿ ವ್ಯರ್ಥವಾಗುತ್ತವೆ. ನೆಟ್ಟಗೆ ಬಿದ್ದದ್ದು ಸುತ್ತಲೂ ಸಮನಾಗಿ ಚಿಮ್ಮುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂವತ್ತೊಂಬತ್ತು ಸೆಕೆಂಡ್ ಗಾಳಿಯಲ್ಲಿರುವ ಬಾಂಬನ್ನು ಬೆಟ್ಟದ ಗಾಳಿ ಬೇಕಾದ ಕಡೆಗೆ ತಳ್ಳಬಹುದು. ನೆಲ ಮೆತ್ತಗಿದ್ದರೆ ತಟ್ಟೆ ಪ್ರತಿ ಹೊಡೆತಕ್ಕೂ ಹೂತುಹೋಗುತ್ತದೆ, ಬಂಡೆಯ ಮೇಲಾದರೆ ಪುಟಿದು ಜರುಗುತ್ತದೆ. ಎರಡರಲ್ಲೂ ಗುರಿ ತಪ್ಪುತ್ತದೆ. ಹಾಗಾಗಿ ಅನುಭವಸ್ಥ ತಂಡ ಮೊದಲ ಕೆಲವು ಬಾಂಬುಗಳನ್ನು ತಟ್ಟೆ ಭದ್ರವಾಗಿ ಕೂರುವುದಕ್ಕೆಂದೇ ಹಾರಿಸಿ, ಮತ್ತೆ ಕೋನ ಸರಿಮಾಡಿಕೊಳ್ಳುತ್ತದೆ. ಅದಕ್ಕಿಂತ ಭಯದ ಸಂಗತಿ ಇನ್ನೊಂದು. ಒಳಗೆ ಬಿಟ್ಟ ಬಾಂಬು ಹಾರದೆ ಬುಡದಲ್ಲೇ ಕೂತು, ಸದ್ದುಗದ್ದಲದಲ್ಲಿ ಅದು ಗೊತ್ತಾಗದೆ ಮೇಲಿಂದ ಇನ್ನೊಂದನ್ನು ಬಿಟ್ಟರೆ ಕೊಳವೆಯೇ ಸಿಡಿಯುತ್ತದೆ. 2013ರ ಮಾರ್ಚ್‌ನಲ್ಲಿ ಅಮೆರಿಕದ ನೆವಾಡಾದಲ್ಲಿ ತರಬೇತಿಯ ವೇಳೆ 60 ಮಿಲಿಮೀಟರ್ ಮಾರ್ಟರ್ ಸಿಡಿದು ಏಳು ಮಂದಿ ಮರೀನ್ ಸೈನಿಕರು ಸತ್ತರು. ಆದ್ದರಿಂದಲೇ ಮಾರ್ಟರ್ ತಂಡದಲ್ಲಿ ಪ್ರತಿ ಬಾಂಬೂ ಹೊರಗೆ ಹೋಯಿತೇ ಎಂದು ಗಮನಿಸುವುದು ಗುರಿ ಹಿಡಿಯುವಷ್ಟೇ ಮುಖ್ಯವಾದ ಕೆಲಸ.

ಮಾರ್ಟರಿನ ಇನ್ನೊಂದು ಗುಣ ಅದು ಯಾರದು ಎಂಬುದರಲ್ಲಿದೆ. ಅದು ಕಾಲಾಳು ಬೆಟಾಲಿಯನ್ನಿನ ಸ್ವಂತ ಆಯುಧ. ಮುಂದೆ ಹತ್ತುತ್ತಿರುವ ಕಂಪನಿಗೆ ಮೆಷಿನ್ ಗನ್ನೊಂದು ಅಡ್ಡಿಯಾದರೆ ಕಮಾಂಡರ್ ಮೇಲಿನವರ ಅನುಮತಿಗೆ, ಬೇರೆ ಪಡೆಯ ಸರದಿಗೆ ಕಾಯಬೇಕಿಲ್ಲ. ತನ್ನದೇ ಹುಡುಗರಿಗೆ ರೇಡಿಯೋದಲ್ಲಿ ಹೇಳಿದರೆ ನಿಮಿಷದೊಳಗೆ ಬಾಂಬು ಬೀಳುತ್ತದೆ.

ಆದರೆ ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆಯನ್ನು ನಾಲ್ಕು ಕಿಲೋದ ಬಾಂಬು ಏನು ಮಾಡೀತು? ಕಾರ್ಗಿಲ್‌ನ ಕಲ್ಲುಗೂಡುಗಳು ಒಡೆಯಬೇಕಾದರೆ ಹೊವಿಟ್ಜರೇ ಬೇಕಾಯಿತು.

ಆ ಯುದ್ಧದ ಹೊವಿಟ್ಜರ್ ಎಂದರೆ ಎಲ್ಲರ ಬಾಯಲ್ಲೂ ಇದ್ದ ಹೆಸರು ಬೋಫೋರ್ಸ್. 1986ರ ಒಪ್ಪಂದದಲ್ಲಿ ಸ್ವೀಡನ್ನಿನಿಂದ ಇಂಥ 410 ತೋಪುಗಳನ್ನು ಕೊಳ್ಳಲಾಗಿತ್ತು. ಅದರ ವ್ಯವಹಾರ ದೇಶದ ರಾಜಕೀಯವನ್ನೇ ಅಲುಗಾಡಿಸಿತು, ತೋಪು ಮಾತ್ರ ಬೆಟ್ಟದಲ್ಲಿ ತನ್ನ ಕೆಲಸ ಮಾಡಿತು. 155 ಮಿಲಿಮೀಟರ್ ಬಾಯಿಯ ಈ ತೋಪು ನಲವತ್ತು ಕಿಲೋಗೂ ಹೆಚ್ಚು ತೂಕದ ಶೆಲ್ಲನ್ನು ಶಬ್ದದ ಎರಡು ಪಟ್ಟಿಗೂ ಮೀರಿದ ವೇಗದಲ್ಲಿ ಉಗುಳುತ್ತದೆ. ಆ ಒದೆತವನ್ನು ನೇರ ನೆಲಕ್ಕೆ ಕೊಡಲು ಹೋದರೆ ತೋಪೇ ಪಲ್ಟಿಯಾದೀತು. ಅದಕ್ಕೇ ನಳಿಗೆ ತನ್ನ ತೊಟ್ಟಿಲಿನ ಮೇಲೆ ಹಿಂದಕ್ಕೆ ಸರಿಯುತ್ತದೆ. ಎಣ್ಣೆ ಮತ್ತು ಒತ್ತಿದ ಅನಿಲ ತುಂಬಿದ ಸಿಲಿಂಡರುಗಳು ಆ ಸರಿತವನ್ನು ನಿಧಾನಗೊಳಿಸಿ ನಳಿಗೆಯನ್ನು ಮತ್ತೆ ಸ್ವಸ್ಥಾನಕ್ಕೆ ತರುತ್ತವೆ. ಹಿಂದಿನ ಎರಡು ಉದ್ದ ಕಾಲುಗಳು ಉಳಿದ ಬಲವನ್ನು ನೆಲಕ್ಕೆ ಹಂಚುತ್ತವೆ. ಇಷ್ಟೆಲ್ಲ ಉಕ್ಕು ಸೇರಿ ತೋಪಿನ ತೂಕ ಹನ್ನೊಂದು ಟನ್ ಮೀರುತ್ತದೆ. ಬೆನ್ನ ಮೇಲೆ ಹೊರುವ ಮಾತೇ ಇಲ್ಲ. ರಸ್ತೆ ಇರುವಲ್ಲಿಗೆ ಮಾತ್ರ ಅದು ಹೋಗಬಲ್ಲದು.

ಪ್ರತಿಯಾಗಿ ಸಿಗುವುದು ದೂರ ಮತ್ತು ನಿಖರತೆ. ನಳಿಗೆಯ ಒಳಗಿನ ಸುರುಳಿ ಗೀರುಗಳು ಶೆಲ್ಲನ್ನು ಬುಗುರಿಯಂತೆ ತಿರುಗಿಸಿ, ಮೂತಿ ಮುಂದಾಗಿಯೇ ಇರುವಂತೆ ನೋಡಿಕೊಳ್ಳುತ್ತವೆ. ಸಾಮಾನ್ಯ ಶೆಲ್ 24 ಕಿಲೋಮೀಟರ್ ಹೋಗುತ್ತದೆ. ಮದ್ದಿನ ಪ್ರಮಾಣ ಹೆಚ್ಚುಕಡಿಮೆ ಮಾಡಬಹುದು, ಕೋನವನ್ನು ತಗ್ಗಿಸಿಯೂ ಹೊಡೆಯಬಹುದು, ಮಾರ್ಟರಿನಂತೆ ಎತ್ತಿಯೂ ಹೊಡೆಯಬಹುದು. ಹಿಂದೆ ದೂರಕ್ಕೆ ತಗ್ಗು ಪಥದಲ್ಲಿ ಹೊಡೆಯುವ ಉದ್ದ ನಳಿಗೆಯ ಗನ್ನು, ಬಾಗಿದ ಪಥದಲ್ಲಿ ಹೊಡೆಯುವ ಗಿಡ್ಡ ನಳಿಗೆಯ ಹೊವಿಟ್ಜರ್ ಎಂದು ಎರಡು ಜಾತಿ ಬೇರೆಬೇರೆ ಇದ್ದವು. ಇಂದಿನ 155 ಮಿಲಿಮೀಟರ್ ತೋಪು ಎರಡರ ಕೆಲಸವನ್ನೂ ಮಾಡುತ್ತದೆ.

ತೋಲೋಲಿಂಗ್‌ನಲ್ಲಿ ಇದು ನಡೆದ ಬಗೆಯನ್ನು ಹಿಂಬಾಲಿಸಿದರೆ ಕಷ್ಟ ಅರ್ಥವಾಗುತ್ತದೆ. ಮೇ ತಿಂಗಳ ಕೊನೆಯಿಂದ 18 ಗ್ರೆನೇಡಿಯರ್ಸ್ ಬೆಟಾಲಿಯನ್ ಆ ಶಿಖರಕ್ಕಾಗಿ ಹೋರಾಡಿ, ಅಧಿಕಾರಿಗಳನ್ನೂ ಸೈನಿಕರನ್ನೂ ಕಳೆದುಕೊಂಡಿತ್ತು. ಆಮೇಲೆ ಬಂದದ್ದು 2 ರಜಪೂತಾನಾ ರೈಫಲ್ಸ್. ಅದರ ಕಮಾಂಡರ್ ಕರ್ನಾಟಕದವರಾದ ಲೆಫ್ಟಿನೆಂಟ್ ಕರ್ನಲ್ ಎಂ. ಬಿ. ರವೀಂದ್ರನಾಥ್. ಜೂನ್ 12ರಂದು ತೋಪುಗಳು ಶಿಖರವನ್ನು ಜಾಲಾಡಿದ ಮೇಲೆ ಕಾಲಾಳುಗಳು ರಾತ್ರಿಯಲ್ಲಿ ಮೇಲೇರಿದರು. 13ರ ಬೆಳಗಿನ ಹೊತ್ತಿಗೆ ತೋಲೋಲಿಂಗ್ ಭಾರತದ ಕೈಗೆ ಬಂದಿತ್ತು.

ತೋಪಿನವರಿಗೆ ಗುರಿ ಕಾಣುವುದಿಲ್ಲ. ಕಾಣುವುದು ಕಾಲಾಳುಗಳ ಜೊತೆ ಹತ್ತುತ್ತಿರುವ ತೋಪುಪಡೆಯದೇ ಒಬ್ಬ ವೀಕ್ಷಕ ಅಧಿಕಾರಿಗೆ. ಅವನು ರೇಡಿಯೋದಲ್ಲಿ ಗುರಿಯ ಜಾಗ ತಿಳಿಸುತ್ತಾನೆ, ಕೆಳಗಿನವರು ಒಂದು ಶೆಲ್ ಹಾರಿಸುತ್ತಾರೆ, ಅದು ಬಿದ್ದಲ್ಲಿಂದ ಎಡಕ್ಕೆ ಇಷ್ಟು, ಮುಂದಕ್ಕೆ ಇಷ್ಟು ಎಂದು ಅವನು ತಿದ್ದುತ್ತಾನೆ. ಒಂದು ಶೆಲ್ ಗುರಿಯ ಆಚೆಗೆ, ಒಂದು ಈಚೆಗೆ ಬೀಳಿಸಿ, ಅಂತರವನ್ನು ಅರ್ಧರ್ಧ ಕಡಿಮೆ ಮಾಡುತ್ತಾ ಗುರಿಗೆ ಬರುವುದು ರೂಢಿ. ಬಯಲಿನಲ್ಲಿ ಇದು ಸಲೀಸು. ಕತ್ತಿಯ ಅಲಗಿನಂಥ ಏಣಿನ ಮೇಲೆ ಹಾಗಲ್ಲ. ಐವತ್ತು ಮೀಟರ್ ಹೆಚ್ಚಾದ ಶೆಲ್ ಶಿಖರವನ್ನು ಸವರಿಕೊಂಡು ದಾಟಿ ಆಚೆ ಕಣಿವೆಯಲ್ಲಿ ಕಣ್ಮರೆಯಾಗುತ್ತದೆ. ಅದರ ಹೊಗೆಯೂ ವೀಕ್ಷಕನಿಗೆ ಕಾಣದು. ಹಾಗಾದಾಗ ಎಷ್ಟು ತಿದ್ದಬೇಕೆಂದು ಹೇಗೆ ಹೇಳುವುದು?

ತೆಳುಗಾಳಿಯದು ಇನ್ನೊಂದು ತೊಡಕು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ತಡೆ ಕಡಿಮೆಯಾಗಿ ಶೆಲ್ ಕೋಷ್ಟಕದಲ್ಲಿ ಬರೆದಿರುವುದಕ್ಕಿಂತ ಮುಂದೆ ಹೋಗಿ ಬೀಳುತ್ತದೆ. ದೂರ ಹೆಚ್ಚಿದ್ದು ಲಾಭವೇ. ಆದರೆ ತಗ್ಗು ಪ್ರದೇಶಕ್ಕೆಂದು ಸಿದ್ಧಪಡಿಸಿದ ಕೋಷ್ಟಕವನ್ನೇ ನಂಬಿದರೆ ಗುರಿ ತಪ್ಪುವುದು ಖಚಿತ. ಗಾಳಿಯ ಒತ್ತಡ, ಉಷ್ಣತೆ, ಮದ್ದಿನ ಉಷ್ಣತೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ತಮ್ಮವರೇ ಗುರಿಯಿಂದ ಕೆಲವೇ ನೂರು ಮೀಟರ್ ಕೆಳಗೆ ತೆವಳುತ್ತಿರುವಾಗ ಈ ಲೆಕ್ಕದಲ್ಲಿ ತಪ್ಪಾಗುವಂತಿಲ್ಲ.

ಈ ಪಾಡಿಗೆ ತೋಪುಪಡೆ ಕಂಡುಕೊಂಡ ಒಂದು ಉತ್ತರ ದಿಟ್ಟವಾದದ್ದು. ಬೋಫೋರ್ಸನ್ನು ಶಿಖರ ಕಣ್ಣಿಗೆ ಕಾಣುವ ಜಾಗಕ್ಕೇ ತಂದು, ಬಂದೂಕಿನಂತೆ ನೇರ ಗುರಿಯಿಟ್ಟು ಹೊಡೆದರು. ಪಥ ಹೆಚ್ಚುಕಡಿಮೆ ಗೆರೆ ಎಳೆದಂತೆ ನೇರ, ಹಾರಾಟ ಕೆಲವೇ ಸೆಕೆಂಡು, ಶೆಲ್ ನೇರ ಗೂಡಿನ ಗೋಡೆಗೇ ಬಡಿಯುತ್ತದೆ. ಆದರೆ ತೋಪಿಗೆ ಶಿಖರ ಕಂಡರೆ ಶಿಖರದವರಿಗೂ ತೋಪು ಕಾಣುತ್ತದೆ. ಪಾಕಿಸ್ತಾನದ ತೋಪುಗಳ ಮಾರುತ್ತರಕ್ಕೆ ಮೈಯೊಡ್ಡಿಕೊಂಡೇ ಅವರು ಈ ಕೆಲಸ ಮಾಡಿದರು. ಟೈಗರ್ ಹಿಲ್ ವಶವಾದ ದಿನ 9,000 ಶೆಲ್ ಹಾರಿಸಲಾಯಿತು ಎನ್ನುತ್ತದೆ ಸೇನೆಯ ಲೆಕ್ಕ. ದ್ರಾಸ್ ಭಾಗದ ಪಾಯಿಂಟ್ 5140 ಶಿಖರಕ್ಕೆ 2022ರಲ್ಲಿ ಗನ್ ಹಿಲ್ ಎಂದು ಹೆಸರಿಟ್ಟದ್ದು ಈ ತೋಪಿನವರ ನೆನಪಿಗೆ. ಕಾರ್ಗಿಲ್ ಎಂದೊಡನೆ ಹತ್ತಿದವರ ಹೆಸರುಗಳಷ್ಟೇ ನೆನಪಾಗುತ್ತವೆ, ಕೆಳಗೆ ನಿಂತು ಅವರಿಗೆ ದಾರಿ ಮಾಡಿಕೊಟ್ಟವರಿಗೆ ಇಷ್ಟಾದರೂ ಸಲ್ಲಬೇಕಿತ್ತು.

ಇನ್ನು ರಾಕೆಟ್. ಇದರ ಕತೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಹೈದರ್ ಮತ್ತು ಟಿಪ್ಪು ಅವರ ಮೈಸೂರು ಸೇನೆ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ, ಬಿದಿರು ಕಟ್ಟಿ ಹಾರಿಸುತ್ತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋಗಿ, ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳಿಗೆ ದಾರಿಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಅಂದಿನ ತೋಪನ್ನು ಎಳೆಯಲು ಎತ್ತುಗಳ ಸಾಲೇ ಬೇಕಿತ್ತು. ಅದೇ ರಾಕೆಟ್ಟನ್ನು ಒಬ್ಬ ಸಿಪಾಯಿ ಹೊತ್ತೊಯ್ದು ಹಾರಿಸಬಹುದಿತ್ತು. ಏಕೆಂದರೆ ರಾಕೆಟ್ಟಿಗೆ ಒದೆತವನ್ನು ತಡೆಯುವ ಯಂತ್ರವೇ ಬೇಡ. ಅದು ತನ್ನ ಮದ್ದನ್ನು ತಾನೇ ಹೊತ್ತು ಉರಿಸುತ್ತಾ, ಬೆಂಕಿಯನ್ನು ಹಿಂದಕ್ಕೆ ಬಿಡುತ್ತಾ ಹೋಗುತ್ತದೆ. ಕೊಳವೆ ದಾರಿ ತೋರಿಸುವ ಕೆಲಸ ಮಾಡಿದರೆ ಸಾಕು.

ಒದೆತವಿಲ್ಲದ ಈ ಲಾಭವನ್ನೇ ಸೋವಿಯತ್ ದೇಶದ ಗ್ರಾಡ್ ಪೂರ್ತಿಯಾಗಿ ಬಳಸಿಕೊಂಡಿತು. ಒಂದು ಲಾರಿಯ ಬೆನ್ನ ಮೇಲೆ 122 ಮಿಲಿಮೀಟರಿನ ನಲವತ್ತು ತೆಳು ಕೊಳವೆಗಳು. ಇಪ್ಪತ್ತು ಸೆಕೆಂಡಿನಲ್ಲಿ ನಲವತ್ತೂ ರಾಕೆಟ್ ಹಾರಿ 20 ಕಿಲೋಮೀಟರ್ ದೂರಕ್ಕೆ ಮುಟ್ಟುತ್ತವೆ. ಬೋಫೋರ್ಸ್ ಬಲು ಚುರುಕಾಗಿ ಹೊಡೆದರೂ ಹದಿನೈದು ಸೆಕೆಂಡಿಗೆ ಮೂರು ಶೆಲ್. ಕಾರ್ಗಿಲ್‌ನಲ್ಲಿ ಭಾರತ ಗ್ರಾಡ್ ಬಳಸಿತು. ಆಗಿನ್ನೂ ಪರೀಕ್ಷೆಯ ಹಂತದಲ್ಲಿದ್ದ ಸ್ವದೇಶಿ ಪಿನಾಕವೂ ಅಲ್ಲಿಗೆ ಹೋಗಿತ್ತು. 44 ಸೆಕೆಂಡಿನಲ್ಲಿ ಹನ್ನೆರಡು ರಾಕೆಟ್ ಬಿಡುವ ಪಿನಾಕದ ಮೊದಲ ಮಾದರಿ ಮುಟ್ಟುವುದು 38 ಕಿಲೋಮೀಟರ್ ಆಸುಪಾಸು.

ಹಾಗಿದ್ದರೆ ತೋಲೋಲಿಂಗಿನ ಗೂಡನ್ನು ರಾಕೆಟ್ಟಿನಿಂದಲೇ ಒಡೆಯಬಹುದಿತ್ತಲ್ಲ? ತೊಂದರೆ ಇರುವುದು ಮೊದಲ ಎರಡು ಸೆಕೆಂಡಿನಲ್ಲಿ. ತೋಪಿನ ಶೆಲ್ ನಳಿಗೆ ಬಿಡುವಾಗಲೇ ಪೂರ್ಣ ವೇಗ ಪಡೆದಿರುತ್ತದೆ. ರಾಕೆಟ್ ಹಾಗಲ್ಲ, ನಿಧಾನವಾಗಿ ಕೊಳವೆಯಿಂದ ಹೊರಬಿದ್ದು, ಆಮೇಲೆ ಬಯಲಿನಲ್ಲಿ ವೇಗ ಕೂಡಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅಡ್ಡಗಾಳಿ ಅದರ ಬಾಲದ ರೆಕ್ಕೆಗೆ ಬಡಿದರೆ ಮೂತಿ ಗಾಳಿಯ ಕಡೆಗೆ ಒಂದಿಷ್ಟು ತಿರುಗುತ್ತದೆ, ಮದ್ದು ಇನ್ನೂ ಉರಿಯುತ್ತಲೇ ಇರುವುದರಿಂದ ಅದು ಆ ತಪ್ಪು ದಿಕ್ಕಿಗೇ ಓಡುತ್ತದೆ. ಒಂದು ಡಿಗ್ರಿಯ ತಪ್ಪು ಇಪ್ಪತ್ತು ಕಿಲೋಮೀಟರ್ ಆಚೆ 350 ಮೀಟರ್ ಆಗುತ್ತದೆ. ಹಾಗಾಗಿ ನಿರ್ದೇಶನವಿಲ್ಲದ ರಾಕೆಟ್ಟಿಗೆ ಒಂದು ಗೂಡು ಗುರಿಯಾಗಲಾರದು, ಒಂದು ಬಯಲು ಆಗಬಹುದು. ಸೈನಿಕರು ಸೇರುವ ಜಾಗ, ತೋಪುಗಳ ನೆಲೆ, ಮದ್ದುಗುಂಡಿನ ಉಗ್ರಾಣ, ಎಲ್ಲರೂ ಕಂದಕಕ್ಕೆ ಧುಮುಕುವ ಮೊದಲೇ ಒಟ್ಟಿಗೆ ಬೀಳಬೇಕಾದ ಹೊಡೆತ, ಇವು ಅದರ ಪಾಲಿನವು. ತಮ್ಮ ಸೈನಿಕರ ಹತ್ತಿರ ಅದನ್ನು ಹಾರಿಸುವಂತಿಲ್ಲ. ಅದೇ ಕಾರಣಕ್ಕೆ ಊರುಗಳ ಮೇಲೆ ಅದನ್ನು ಬಳಸಿದಾಗ ಸಾಯುವವರು ಹೆಚ್ಚಾಗಿ ಸಾಮಾನ್ಯ ಜನ, ಇದನ್ನು ಯಾವ ಸೇನೆಯೂ ಅರಿಯದೆ ಮಾಡುವುದಿಲ್ಲ.

ಈಗ ರಾಕೆಟ್ಟಿನ ಮೂತಿಯಲ್ಲೇ ದಾರಿ ತಿದ್ದುವ ವ್ಯವಸ್ಥೆ ಬಂದಿದೆ. ಪಿನಾಕದ ನಿರ್ದೇಶಿತ ಮಾದರಿ 75 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಬಯಲಿನ ಬದಲು ಕಟ್ಟಡವೊಂದನ್ನು ಗುರಿಯಾಗಿಸಬಲ್ಲದು. ಆದರೆ ಒಂದೊಂದು ರಾಕೆಟ್ಟೂ ದುಬಾರಿಯಾಗುವುದರಿಂದ ಶೆಲ್ಲಿನಂತೆ ದಿನಕ್ಕೆ ಸಾವಿರಗಟ್ಟಲೆ ಹಾರಿಸಲಾಗದು.

ಹಾರಿಸಿದವನ ಜಾಗ ಬಯಲಾಗುವ ಬಗೆಯಲ್ಲೂ ಮೂರಕ್ಕೆ ವ್ಯತ್ಯಾಸವಿದೆ. ರಾಕೆಟ್ ಹೊರಟಾಗ ಏಳುವ ಹೊಗೆ ಮತ್ತು ಧೂಳು ಮೈಲಿ ದೂರಕ್ಕೂ ಕಾಣುತ್ತದೆ. ಹಾಗಾಗಿ ಲಾರಿ ಕೂಡಲೇ ಜಾಗ ಖಾಲಿ ಮಾಡಬೇಕು. ಮಾರ್ಟರ್ ಕಣಿವೆಯ ತಳದಲ್ಲಿ ಅಡಗಿ ಹೊಡೆದರೂ ಅದರ ಬಾಂಬು ಎತ್ತರದ ಪಥದಲ್ಲಿ ಬಹಳ ಹೊತ್ತು ಆಕಾಶದಲ್ಲಿರುವುದರಿಂದ ರಾಡಾರಿಗೆ ಸಿಕ್ಕಿಬೀಳುತ್ತದೆ. ಏರುವ ಪಥದ ಒಂದು ತುಣುಕು ಸಿಕ್ಕರೆ ಸಾಕು, ಗಣಕ ಅದನ್ನು ಹಿಂದಕ್ಕೆ ಬೆಳೆಸಿ, ಬಾಂಬು ನೆಲದಿಂದ ಹೊರಟ ಜಾಗವನ್ನು ಲೆಕ್ಕಹಾಕುತ್ತದೆ. ತಗ್ಗು ಪಥದ ಶೆಲ್ ಬೆಟ್ಟದ ಮರೆಯಲ್ಲೇ ಬಹುದೂರ ಸಾಗುವುದರಿಂದ ಅದನ್ನು ಹಿಡಿಯುವುದು ಹೆಚ್ಚು ಕಷ್ಟ.

ಕಾರ್ಗಿಲ್ ಯುದ್ಧದಲ್ಲಿ ಪಾಕಿಸ್ತಾನದ ಬಳಿ ಅಮೆರಿಕದಿಂದ ಬಂದ ಇಂಥ ರಾಡಾರ್ ಇತ್ತು, ಭಾರತದ ಬಳಿ ಅಷ್ಟು ಸಮರ್ಥವಾದದ್ದು ಇರಲಿಲ್ಲ. ಎದುರಾಳಿಯ ತೋಪು ಎಲ್ಲಿದೆ ಎಂದು ತಿಳಿಯದೆ ಅದನ್ನು ಸುಮ್ಮನಾಗಿಸುವುದು ಎಷ್ಟು ಕಷ್ಟವೆಂದು ಅಂದಿನ ತೋಪಿನವರಿಗೆ ಗೊತ್ತು. ಆ ಕೊರತೆಗೆ ಉತ್ತರವಾಗಿ ತಯಾರಾದ ಸ್ವಾತಿ ರಾಡಾರನ್ನು ರೂಪಿಸಿದ್ದು ಬೆಂಗಳೂರಿನ ಡಿಆರ್‌ಡಿಓ ಪ್ರಯೋಗಾಲಯ, ತಯಾರಿಸುತ್ತಿರುವುದು ಬಿಇಎಲ್. ಅದು ಮಾರ್ಟರನ್ನು 20 ಕಿಲೋಮೀಟರ್, ತೋಪನ್ನು 30 ಕಿಲೋಮೀಟರ್, ರಾಕೆಟ್ಟನ್ನು 40 ಕಿಲೋಮೀಟರ್ ದೂರದವರೆಗೆ ಪತ್ತೆಮಾಡುತ್ತದೆ. ಬೆಟ್ಟದ ಕಿರಿದಾದ ರಸ್ತೆಗಳಲ್ಲಿ ಒಯ್ಯಲು ಅದರ ಹಗುರ ಮಾದರಿಯನ್ನೂ ಸೇನೆಗಾಗಿ ಸಿದ್ಧಪಡಿಸಿದ್ದಾರೆ.